ಶೂ ಪೇಸ್ಟ್ರಿಯ ಹದ: ಬೇಯಿಸಿದ ಹಿಟ್ಟಿಗೆ ಮೊಟ್ಟೆಯನ್ನು ಯಾಕೆ ಸ್ವಲ್ಪ ಸ್ವಲ್ಪವೇ ಹಾಕಬೇಕು

ಶೂ ಪೇಸ್ಟ್ರಿಯ ಹಿಟ್ಟಿನಿಂದ ಮಾಡುವ, ಒಳಗೆ ಕ್ರೀಮು ತುಂಬುವ ಉದ್ದನೆಯ ಪೊಳ್ಳು ತಿಂಡಿಯೇ ಎಕ್ಲೇರ್. ಮೊದಲ ಸಲ ಅದನ್ನು ಮಾಡಲು ಹೊರಟಾಗ ನಾನು ಒಲೆಯಿಂದ ಇಳಿಸಿದ ಹಿಟ್ಟಿಗೆ ಐದೂ ಮೊಟ್ಟೆಗಳನ್ನು ಒಟ್ಟಿಗೆ ಸುರಿದುಬಿಟ್ಟಿದ್ದೆ. ಹೇಗಿದ್ದರೂ ಅಷ್ಟೂ ಹಾಕಬೇಕು ತಾನೆ, ಒಂದೇ ಸಲ ಹಾಕಿದರೇನು ಅಂತ ಅಂದುಕೊಂಡಿದ್ದೆ. ಸೌಟು ತಿರುವಿದರೆ ಹಿಟ್ಟು ತುಂಡು ತುಂಡಾಗಿ ಹಳದಿ ನೀರಿನಲ್ಲಿ ತೇಲಾಡುತ್ತಿತ್ತು. ಪಾತ್ರೆಯ ಅಂಚಿನಲ್ಲಿ ಅಲ್ಲಲ್ಲಿ ಬಿಳಿ ಎಳೆಗಳು ಕಂಡವು. ಅದು ಅಲ್ಲೇ ಬೆಂದುಹೋದ ಮೊಟ್ಟೆ. ಕೈ ಸೋಲುವ ತನಕ ತಿರುವಿದ ಮೇಲೆ ಎಲ್ಲ ಒಂದಾಯಿತು, ಆದರೆ ತೀರಾ ತೆಳ್ಳಗಾಗಿತ್ತು. ಓವನ್ನಿಂದ ಹೊರಗೆ ಬಂದದ್ದು ಎಕ್ಲೇರ್ ಅಲ್ಲ, ಚಪ್ಪಟೆ ಪಟ್ಟಿಗಳು. ಒಳಗೆ ಪೊಳ್ಳೇ ಇರಲಿಲ್ಲ.

ಆಮೇಲೆ ಎಷ್ಟೋ ಸಲ ಮಾಡಿದ್ದೇನೆ. ಶೂ ಪೇಸ್ಟ್ರಿಯಲ್ಲಿ ಗೆಲ್ಲುವುದು ಸೋಲುವುದು ಬಹುಪಾಲು ಮೊಟ್ಟೆ ಸೇರಿಸುವ ಆ ಐದಾರು ನಿಮಿಷದಲ್ಲೇ ಎಂಬುದು ನನಗೆ ಖಾತ್ರಿಯಾಗಿದೆ. ಹಾಗಾಗಿ ಈ ಬರಹದಲ್ಲಿ ಆ ಹಂತಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಕ್ರೀಮು, ಚಾಕೊಲೇಟಿನ ವಿಷಯ ಕೊನೆಗೆ ಚುಟುಕಾಗಿ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪದರ ಪದರವಾಗಿ ಬಿಡಿಸಿಕೊಳ್ಳುವ ಪಫ್ ಬೇರೆ, ಇಲ್ಲಿ ಹೇಳುತ್ತಿರುವ ಕ್ರೀಮ್ ಪಫ್ ಬೇರೆ. ಅದಕ್ಕೆ ಹಿಟ್ಟನ್ನು ಲಟ್ಟಿಸಿ ಮಡಿಚಬೇಕು. ಇದಕ್ಕೆ ಹಿಟ್ಟನ್ನು ಮೊದಲು ಒಲೆಯ ಮೇಲೆ ಬೇಯಿಸಿ, ಆಮೇಲೆ ಓವನ್ನಿನಲ್ಲಿ ಮತ್ತೊಮ್ಮೆ ಬೇಯಿಸಬೇಕು. ‘ಶೂ’ ಅಂದರೆ ಫ್ರೆಂಚ್‌ನಲ್ಲಿ ಎಲೆಕೋಸು. ಉಬ್ಬಿ ಬಿರಿದ ಗುಂಡು ಪಫ್ಫನ್ನು ನೋಡಿದರೆ ಆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತದೆ.

ಏನೇನು ಬೇಕು

ನೀರು 125 ಗ್ರಾಂ, ಹಾಲು 125 ಗ್ರಾಂ, ಬೆಣ್ಣೆ 100 ಗ್ರಾಂ, ಮೈದಾ 150 ಗ್ರಾಂ, ಉಪ್ಪು ಅರ್ಧ ಟೀ ಚಮಚ, ಸಕ್ಕರೆ ಒಂದು ಟೀ ಚಮಚ, ಮೊಟ್ಟೆ ಐದು. ಇಷ್ಟರಲ್ಲಿ 12 ಸೆಂಟಿಮೀಟರ್ ಉದ್ದದ ಎಕ್ಲೇರ್ ಇಪ್ಪತ್ತಕ್ಕೂ ಮೇಲೆ ಆಗುತ್ತವೆ. ಸಣ್ಣ ಪಫ್ ಆದರೆ ಮೂವತ್ತು ದಾಟುತ್ತವೆ.

ನೀರು, ಹಾಲನ್ನೂ ತೂಕದಲ್ಲೇ ಹೇಳಿದ್ದೇನೆ ನೋಡಿ. ಅಳತೆ ಲೋಟಕ್ಕಿಂತ ಅಡುಗೆಮನೆಯ ಚಿಕ್ಕ ತಕ್ಕಡಿ ಇಲ್ಲಿ ತುಂಬ ಉಪಯೋಗ. ಯಾಕೆ ಅಂತ ಮುಂದೆ ಹೇಳುತ್ತೇನೆ. ಪೂರ್ತಿ ನೀರಿನಲ್ಲೇ ಮಾಡಿದರೆ ಹೊರಪದರ ಹೆಚ್ಚು ಗರಿಗರಿಯಾಗುತ್ತದೆ. ಹಾಲು ಸೇರಿದರೆ ಬಣ್ಣ ಬೇಗ ಬರುತ್ತದೆ, ರುಚಿಯೂ ಚೆನ್ನಾಗಿರುತ್ತದೆ, ಆದರೆ ಸ್ವಲ್ಪ ಮೆತ್ತಗಾಗುತ್ತದೆ. ನನಗೆ ಅರ್ಧ ಅರ್ಧವೇ ಇಷ್ಟ.

ಒಲೆಯ ಮೇಲಿನ ಕೆಲಸ

ದಪ್ಪ ತಳದ ಪಾತ್ರೆಯಲ್ಲಿ ನೀರು, ಹಾಲು, ಉಪ್ಪು, ಸಕ್ಕರೆ ಹಾಕಿ. ಬೆಣ್ಣೆಯನ್ನು ಸಣ್ಣ ಸಣ್ಣ ತುಂಡು ಮಾಡಿ ಸೇರಿಸಿ. ಉರಿ ಮಧ್ಯಮ ಇರಲಿ. ಬೆಣ್ಣೆ ಪೂರ್ತಿ ಕರಗುವುದಕ್ಕೂ ನೀರು ಕುದಿ ಬರುವುದಕ್ಕೂ ಹೆಚ್ಚು ಅಂತರ ಇರಬಾರದು. ದೊಡ್ಡ ತುಂಡು ಹಾಕಿದರೆ ಅದು ಕರಗುವ ತನಕ ನೀರು ಸುಮ್ನೆ ಕುದಿದು ಆವಿಯಾಗುತ್ತದೆ, ಹಿಟ್ಟಿಗೆ ಬೇಕಾದ ನೀರು ಕಡಿಮೆ ಬೀಳುತ್ತದೆ.

ಚೆನ್ನಾಗಿ ಕುದಿ ಬಂದ ತಕ್ಷಣ ಪಾತ್ರೆ ಕೆಳಗಿಳಿಸಿ, ಜರಡಿ ಹಿಡಿದ ಮೈದಾವನ್ನು ಒಂದೇ ಸಲ ಸುರಿಯಿರಿ. ಹೌದು, ಮೈದಾ ಮಾತ್ರ ಒಂದೇ ಸಲ. ಸ್ವಲ್ಪ ಸ್ವಲ್ಪ ಹಾಕಿದರೆ ಮೊದಲು ಬಿದ್ದದ್ದು ನೀರೆಲ್ಲ ಕುಡಿದು ಗಂಟಾಗುತ್ತದೆ, ಆಮೇಲೆ ಬಿದ್ದದ್ದು ಹಸಿಯಾಗಿ ಉಳಿಯುತ್ತದೆ. ಮರದ ಸೌಟಿನಿಂದ ಜೋರಾಗಿ ಗೊಟಾಯಿಸಿ. ಒಣ ಹಿಟ್ಟು ಕಾಣದಂತಾದ ಮೇಲೆ ಮತ್ತೆ ಮಧ್ಯಮ ಉರಿಯ ಮೇಲಿಟ್ಟು ಎರಡು ಮೂರು ನಿಮಿಷ ತಿರುವುತ್ತಲೇ ಇರಿ. ಹಿಟ್ಟು ಪಾತ್ರೆಯ ಬದಿ ಬಿಟ್ಟು ಒಂದು ಮುದ್ದೆಯಾಗಿ ಸೌಟಿನ ಜೊತೆ ಸುತ್ತುತ್ತದೆ. ತಳದಲ್ಲಿ ತೆಳುವಾದ ಪೊರೆ ಹಿಡಿಯುತ್ತದೆ. ಅಲ್ಲಿಗೆ ಸಾಕು. ನಾನ್‌ಸ್ಟಿಕ್ ಪಾತ್ರೆಯಲ್ಲಿ ಈ ಪೊರೆ ಕಾಣುವುದಿಲ್ಲ, ಆದ್ದರಿಂದ ಮಾಮೂಲಿ ಸ್ಟೀಲ್ ಪಾತ್ರೆ ಒಳ್ಳೆಯದು. ಥರ್ಮಾಮೀಟರ್ ಇದ್ದರೆ ಹಿಟ್ಟಿನ ನಡುವೆ ಚುಚ್ಚಿ ನೋಡಿ, ಸುಮಾರು 80 ಡಿಗ್ರಿ ತೋರಿಸಬೇಕು.

ಇಲ್ಲಿ ನಡೆಯುತ್ತಿರುವುದು ಏನು ಅಂದರೆ, ಮೈದಾದಲ್ಲಿರುವ ಪಿಷ್ಟದ ಕಣಗಳು ಬಿಸಿಗೆ ನೀರು ಕುಡಿದು ಊದಿಕೊಳ್ಳುತ್ತವೆ. ತಣ್ಣೀರಿನಲ್ಲಿ ಕಲಸಿದ ಮೈದಾ ಇಷ್ಟು ನೀರನ್ನು ಹಿಡಿಯಲಾರದು, ಹರಿದಾಡುವಷ್ಟು ತೆಳ್ಳಗಿರುತ್ತದೆ. ಅದೇ ನೀರು, ಅದೇ ಮೈದಾ, ಬೆಂದರೆ ಗಟ್ಟಿ ಮುದ್ದೆ. ಈ ಮುದ್ದೆಗೆ ಬೇಕರಿಯವರು ‘ಪನಾಡ್’ ಅನ್ನುತ್ತಾರೆ. ಇದರೊಳಗೆ ಅಡಗಿ ಕೂತ ನೀರೇ ಆಮೇಲೆ ಓವನ್ನಿನಲ್ಲಿ ಹಬೆಯಾಗಿ ಪಫ್ಫನ್ನು ಉಬ್ಬಿಸುವುದು. ಶೂ ಪೇಸ್ಟ್ರಿಗೆ ಬೇಕಿಂಗ್ ಪೌಡರ್ ಬೇಡ, ಸೋಡಾ ಬೇಡ. ನೀರು ಹಬೆಯಾದರೆ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಅಷ್ಟೇ ಸಾಕು.

ಇಲ್ಲಿ ಅತಿಯಾಗಿ ಹುರಿಯುವುದೂ ತಪ್ಪು. ಹಿಟ್ಟಿನ ಮೈಯಿಂದ ಬೆಣ್ಣೆ ಜಿನುಗಿ ಎಣ್ಣೆಯಂತೆ ಹೊಳೆಯತೊಡಗಿದರೆ ಹೆಚ್ಚು ಹೊತ್ತು ಇಟ್ಟಿದ್ದೀರಿ ಅಂತ ಅರ್ಥ. ಅಂಥ ಹಿಟ್ಟು ಮೊಟ್ಟೆಯನ್ನು ಸಲೀಸಾಗಿ ಹಿಡಿದುಕೊಳ್ಳುವುದಿಲ್ಲ.

ಆರಿಸುವುದು

ಮುದ್ದೆಯನ್ನು ಅದೇ ಬಿಸಿ ಪಾತ್ರೆಯಲ್ಲಿ ಬಿಡಬೇಡಿ, ಬೇರೆ ಅಗಲವಾದ ಪಾತ್ರೆಗೆ ಹಾಕಿ. ಸೌಟಿನಿಂದ ಹರಡಿ, ಮಗುಚಿ, ಹಬೆ ಹೋಗಲು ಬಿಡಿ. ಐದು ನಿಮಿಷ ಹೀಗೆ ಮಾಡಿದರೆ 55 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳು ತಾಗಿಸಿ ನೋಡಿ. ಬಿಸಿ ಇದೆ ಅನ್ನಿಸಬೇಕು, ಆದರೆ ಸುಟ್ಟು ಕೈ ಹಿಂದೆಗೆಯುವಂತೆ ಇರಬಾರದು.

ಪೂರ್ತಿ ತಣ್ಣಗಾಗಲು ಬಿಡುವುದೂ ಬೇಡ. ತಣ್ಣಗಾದರೆ ಮುದ್ದೆ ಬಿಗಿಯುತ್ತದೆ, ಬೆಣ್ಣೆಯೂ ಗಟ್ಟಿಯಾಗತೊಡಗುತ್ತದೆ. ಆಗ ಮೊಟ್ಟೆ ಸೇರಿಸಲು ದುಪ್ಪಟ್ಟು ಕಷ್ಟ.

ಮೊಟ್ಟೆಯನ್ನು ಮೊದಲೇ ಯಾಕೆ ಕದಡಿಕೊಳ್ಳಬೇಕು

ಐದೂ ಮೊಟ್ಟೆಗಳನ್ನು ಒಂದು ಬಟ್ಟಲಿಗೆ ಒಡೆದು ಹಾಕಿ, ಫೋರ್ಕಿನಿಂದ ಚೆನ್ನಾಗಿ ಕದಡಿ. ನೊರೆ ಬರಿಸಬೇಕಿಲ್ಲ. ಬಿಳಿ, ಹಳದಿ ಬೇರೆ ಬೇರೆ ಕಾಣದಂತಾದರೆ ಆಯಿತು. ಮೊಟ್ಟೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿರದೆ, ಹೊರಗಿನ ಹದಕ್ಕೆ ಬಂದಿದ್ದರೆ ಒಳ್ಳೆಯದು.

ಒಂದೊಂದೇ ಮೊಟ್ಟೆಯನ್ನು ನೇರವಾಗಿ ಒಡೆದು ಹಾಕುವವರೂ ಇದ್ದಾರೆ. ಮೊದಲ ಮೂರರ ತನಕ ಅದು ನಡೆಯುತ್ತದೆ. ತೊಡಕು ಬರುವುದು ಕೊನೆಯಲ್ಲಿ. ಹಿಟ್ಟಿಗೆ ಇನ್ನು ಅರ್ಧ ಮೊಟ್ಟೆ ಸಾಕು ಅನ್ನಿಸಿದಾಗ, ಕದಡದ ಮೊಟ್ಟೆಯಲ್ಲಿ ಅರ್ಧ ತೆಗೆಯುವುದು ಹೇಗೆ? ಬಿಳಿಭಾಗ ಜೆಲ್ಲಿಯಂತೆ ಒಂದೇ ಉಂಡೆಯಾಗಿ ಜಾರಿ ಬಿದ್ದುಬಿಡುತ್ತದೆ. ಕದಡಿದ್ದಾದರೆ ಒಂದೊಂದೇ ಚಮಚ ಹಾಕಬಹುದು, ಪ್ರತಿ ಚಮಚದಲ್ಲೂ ಬಿಳಿ ಹಳದಿ ಎರಡೂ ಸಮನಾಗಿ ಇರುತ್ತವೆ.

ಸ್ವಲ್ಪ ಸ್ವಲ್ಪವೇ ಯಾಕೆ

ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಎಲ್ಲರಿಗೂ ಗೊತ್ತು, ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ನನ್ನ ಪ್ರಕಾರ ಆ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು.

ಮೊದಲ ಕಾರಣ ಬಿಸಿ. ಮೊಟ್ಟೆಯ ಬಿಳಿಭಾಗ 60 ಡಿಗ್ರಿ ದಾಟುತ್ತಿದ್ದಂತೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಒಲೆಯಿಂದ ಇಳಿಸಿದ ಹಿಟ್ಟು 80ರಲ್ಲಿ ಇರುತ್ತದೆ. ಹಾಗಾಗಿ ಬಿಸಿ ಮುದ್ದೆಗೆ ತಾಗಿದ ಮೊಟ್ಟೆ ಎಳೆ ಎಳೆಯಾಗಿ ಬೆಂದುಹೋಗುತ್ತದೆ. ಇದರಿಂದ ಗಂಟು ಕಾಣುವುದಷ್ಟೇ ಅಲ್ಲ, ಇನ್ನೊಂದು ನಷ್ಟವೂ ಇದೆ. ಪಫ್ ಉಬ್ಬಿದ ಮೇಲೆ ಅದರ ಗೋಡೆಯನ್ನು ಕುಸಿಯದಂತೆ ಹಿಡಿದು ನಿಲ್ಲಿಸುವುದರಲ್ಲಿ ಮೊಟ್ಟೆಯ ಪ್ರೋಟೀನಿನ ಪಾಲು ದೊಡ್ಡದು. ಓವನ್ನಿನಲ್ಲಿ ಗಟ್ಟಿಯಾಗಬೇಕಾದದ್ದು ಪಾತ್ರೆಯಲ್ಲೇ ಗಟ್ಟಿಯಾಗಿಬಿಟ್ಟರೆ ಅಲ್ಲಿ ಮತ್ತೆ ಗಟ್ಟಿಯಾಗಲು ಏನೂ ಉಳಿದಿರುವುದಿಲ್ಲ. ಹಿಟ್ಟನ್ನು ಆರಿಸಿಕೊಂಡರೆ ಈ ಭಯ ಮುಕ್ಕಾಲು ಪಾಲು ಹೋಗುತ್ತದೆ. ಸ್ವಲ್ಪ ಸ್ವಲ್ಪ ಹಾಕುವುದರಿಂದ ಉಳಿದ ಕಾಲು ಪಾಲೂ ಹೋಗುತ್ತದೆ, ಯಾಕೆಂದರೆ ಪ್ರತಿ ಸಲ ಬೀಳುವ ಮೊಟ್ಟೆ ಹಿಟ್ಟನ್ನು ಇನ್ನಷ್ಟು ತಣಿಸುತ್ತಾ ಹೋಗುತ್ತದೆ.

ಎರಡನೆಯದು ಬೆರೆಯುವ ವಿಷಯ. ನಿಮ್ಮ ಮುಂದಿರುವ ಮುದ್ದೆ ಗಟ್ಟಿ, ಅದರ ಮೈಯೆಲ್ಲ ಬೆಣ್ಣೆಯ ಜಿಡ್ಡು. ಮೊಟ್ಟೆಯೋ, ಮುಕ್ಕಾಲು ಪಾಲು ನೀರು. ಒಟ್ಟಿಗೆ ಸುರಿದರೆ ಮೊಟ್ಟೆ ಮುದ್ದೆಯ ಸುತ್ತ ಕೆರೆಯಂತೆ ನಿಲ್ಲುತ್ತದೆ. ಸೌಟು ಆಡಿಸಿದರೆ ಮುದ್ದೆ ತುಂಡಾಗಿ ಜಾರಿ ಜಾರಿ ಹೋಗುತ್ತದೆ, ಸೌಟಿಗೆ ಉಜ್ಜಲು ಏನೂ ಸಿಗುವುದಿಲ್ಲ. ಕಾಲು ಭಾಗ ಮಾತ್ರ ಹಾಕಿದರೆ ಕಥೆಯೇ ಬೇರೆ. ಮೊದಲು ಮುದ್ದೆ ಒಡೆದು ಪುಡಿ ಪುಡಿಯಾದಂತೆ, ಜಾರುವಂತೆ ಕಾಣುತ್ತದೆ. ಹೆದರಬೇಡಿ. ಪಾತ್ರೆಯ ಬದಿಗೆ ಒತ್ತಿ ಒತ್ತಿ ತಿರುವಿ. ಅರ್ಧ ನಿಮಿಷದಲ್ಲಿ ಆ ತುಂಡುಗಳು ಒಂದಕ್ಕೊಂದು ಅಂಟತೊಡಗುತ್ತವೆ. ಜಾರುತ್ತಿದ್ದ ಸೌಟಿಗೆ ಈಗ ಹಿಡಿತ ಸಿಗುತ್ತದೆ, ಕೈಗೆ ಭಾರ ಗೊತ್ತಾಗುತ್ತದೆ. ಮುದ್ದೆ ಮತ್ತೆ ಒಂದಾಯಿತು, ಆದರೆ ಮೊದಲಿಗಿಂತ ಮೆತ್ತಗಿದೆ. ಮೆತ್ತಗಿರುವುದರಿಂದ ಮುಂದಿನ ಕಾಲು ಭಾಗ ಇನ್ನೂ ಸುಲಭವಾಗಿ ಸೇರುತ್ತದೆ.

ಬೆಣ್ಣೆಯ ಲೆಕ್ಕವೂ ಇಲ್ಲೇ ಇದೆ. ಹಿಟ್ಟಿನಲ್ಲಿ ಕರಗಿದ ಬೆಣ್ಣೆ ಇದೆ, ಮೊಟ್ಟೆಯಲ್ಲಿ ನೀರಿದೆ, ಇವೆರಡೂ ತಾವಾಗಿ ಕೂಡುವುದಿಲ್ಲ. ಹಳದಿಭಾಗದಲ್ಲಿರುವ ಲೆಸಿಥಿನ್ ಎಂಬ ಅಂಶ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ. ಬೆಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಳಗೆ ಹಂಚಿಹೋಗುತ್ತದೆ. ಸರಿಯಾಗಿ ಬೆರೆತ ಹಿಟ್ಟು ನುಣುಪಾಗಿ ಹೊಳೆಯುವುದು ಇದರಿಂದಲೇ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಬಲವಾದ ಫುಡ್ ಪ್ರೊಸೆಸರ್ ಇದ್ದರೆ, ಒಟ್ಟಿಗೆ ಸುರಿದ ಮೊಟ್ಟೆಯನ್ನೂ ಅದು ಚಕ್ಕನೆ ಬೆರೆಸಿಬಿಡುತ್ತದೆ. ಹಾಗಾದರೆ ಸ್ವಲ್ಪ ಸ್ವಲ್ಪ ಹಾಕುವ ಕಷ್ಟ ಯಾಕೆ ಅಂತ ಕೇಳಬಹುದು. ಉತ್ತರ ಮೂರನೆಯ ಕಾರಣದಲ್ಲಿದೆ.

ನಿಮಗೆ ಎಷ್ಟು ಮೊಟ್ಟೆ ಬೇಕು ಎಂಬುದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ರೆಸಿಪಿ ಬರೆದವರಿಗೂ ಇಲ್ಲ. ನೀವು ಎಷ್ಟು ಹೊತ್ತು ಕುದಿಸಿದಿರಿ, ಉರಿ ಎಷ್ಟಿತ್ತು, ಪಾತ್ರೆ ಎಷ್ಟು ಅಗಲ, ನಿಮ್ಮ ಮೈದಾ ಎಷ್ಟು ನೀರು ಕುಡಿಯುತ್ತದೆ, ಮೊಟ್ಟೆ ಚಿಕ್ಕದೋ ದೊಡ್ಡದೋ, ಎಲ್ಲದರ ಮೇಲೂ ಅದು ನಿಂತಿದೆ. ಕಡಿಮೆ ಬಿದ್ದರೆ ಇನ್ನೊಂದು ಚಮಚ ಹಾಕಬಹುದು. ಜಾಸ್ತಿಯಾದರೆ ತೆಗೆಯಲು ಬರುವುದಿಲ್ಲ, ಅಲ್ವಾ? ಅದಕ್ಕೇ ಕೊನೆಯ ಭಾಗವನ್ನು ಹಿಟ್ಟಿನ ಮುಖ ನೋಡಿಕೊಂಡೇ ಹಾಕಬೇಕು.

ಎರಡು ದಿನದ ಲೆಕ್ಕ

ಇದು ಬರೀ ಮಾತಲ್ಲ ಅಂತ ನನಗೆ ಮನದಟ್ಟಾಗಿದ್ದು ತಕ್ಕಡಿಯಿಂದ. ನನ್ನ ಪಾತ್ರೆ, ಮರದ ಸೌಟು ಸೇರಿ 640 ಗ್ರಾಂ. ಮೇಲೆ ಹೇಳಿದ ನೀರು, ಹಾಲು, ಬೆಣ್ಣೆ, ಮೈದಾ, ಉಪ್ಪು, ಸಕ್ಕರೆ ಕೂಡಿದರೆ 507 ಗ್ರಾಂ. ಏನೂ ಆವಿಯಾಗದಿದ್ದರೆ ತಕ್ಕಡಿ 1,147 ತೋರಿಸಬೇಕು.

ಒಂದು ದಿನ ಬೇಯಿಸಿದ ಮೇಲೆ ಪಾತ್ರೆಯನ್ನು ಹಾಗೇ ತಕ್ಕಡಿಗಿಟ್ಟೆ. 1,112 ಬಂತು. ಅಂದರೆ 35 ಗ್ರಾಂ ನೀರು ಹೋಗಿತ್ತು. ಐದು ಮೊಟ್ಟೆ ಒಡೆದಾಗ 248 ಗ್ರಾಂ ಸಿಕ್ಕಿತ್ತು. ಅದರಲ್ಲಿ 228 ಗ್ರಾಂ ಹಾಕುವಷ್ಟರಲ್ಲಿ ಹದ ಬಂತು. ಬಟ್ಟಲಿನಲ್ಲಿ 20 ಗ್ರಾಂ ಉಳಿಯಿತು.

ಇನ್ನೊಂದು ದಿನ ಯಾರದೋ ಫೋನ್ ಬಂದು ಹಿಟ್ಟನ್ನು ಎರಡು ನಿಮಿಷ ಹೆಚ್ಚು ಉರಿಯ ಮೇಲೆ ಬಿಟ್ಟಿದ್ದೆ. ತೂಗಿದರೆ 1,092, ಅಂದರೆ 55 ಗ್ರಾಂ ನೀರು ಕಡಿಮೆ. ಆ ದಿನ 248 ಗ್ರಾಂ ಪೂರ್ತಿ ಬೇಕಾಯಿತು. ಒಲೆಯ ಮೇಲೆ ಹೆಚ್ಚಿಗೆ ಆವಿಯಾದದ್ದು 20 ಗ್ರಾಂ, ಹೆಚ್ಚಿಗೆ ಬೇಕಾದ ಮೊಟ್ಟೆಯೂ 20 ಗ್ರಾಂ. ಪ್ರತಿ ಸಲ ಇಷ್ಟು ಚೆನ್ನಾಗಿ ತಾಳೆಯಾಗುವುದಿಲ್ಲ, ಮೊಟ್ಟೆ ಎಲ್ಲ ನೀರೇ ಅಲ್ಲವಲ್ಲ. ಆದರೆ ದಿಕ್ಕು ಇದೇ: ಒಲೆಯ ಮೇಲೆ ಕಳೆದುಕೊಂಡ ನೀರನ್ನು ಹಿಟ್ಟು ಮೊಟ್ಟೆಯಿಂದ ವಾಪಸು ಕೇಳುತ್ತದೆ. ಮೊದಲ ದಿನ ಐದೂ ಮೊಟ್ಟೆ ಹಾಕಿದ್ದರೆ ಹಿಟ್ಟು ಹರಿಯುತ್ತಿತ್ತು. ಎರಡನೆಯ ದಿನ ಐದನೆಯದನ್ನು ಹಾಕದಿದ್ದರೆ ಗಟ್ಟಿಯಾಗಿ ಉಳಿಯುತ್ತಿತ್ತು. ಎರಡೂ ದಿನ ರೆಸಿಪಿ ಒಂದೇ.

ತೂಗುವಾಗ ಬಿಸಿ ಪಾತ್ರೆಯ ಕೆಳಗೆ ದಪ್ಪ ಬಟ್ಟೆಯನ್ನೋ ಮರದ ಹಲಗೆಯನ್ನೋ ಇಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದುಕೊಳ್ಳಿ. ತಕ್ಕಡಿ ಕೆಡಬಾರದು.

ಸೇರಿಸುವ ಕ್ರಮ, ಹದ ನೋಡುವುದು

ಮೊದಲ ಸಲ ಮೊಟ್ಟೆಯ ಕಾಲು ಭಾಗ ಹಾಕಿ, ಪೂರ್ತಿ ಒಂದಾಗುವ ತನಕ ತಿರುವಿ. ಎರಡನೆಯ ಕಾಲು ಭಾಗವೂ ಹಾಗೇ. ಮೂರನೆಯದೂ ಹಾಗೇ. ಹಿಂದಿನದು ಸೇರುವ ಮೊದಲೇ ಮುಂದಿನದನ್ನು ಹಾಕುವ ಅವಸರ ಬೇಡ. ಮಿಕ್ಸರ್ ಇದ್ದರೆ ಎಲೆಯಾಕಾರದ ಪ್ಯಾಡಲ್ ಹಾಕಿ ನಿಧಾನ ವೇಗದಲ್ಲಿ ನಡೆಸಿ. ನೊರೆ ಬರಿಸುವ ತಂತಿ ಬೀಟರ್ ಬೇಡ. ಇಲ್ಲಿ ಗಾಳಿ ತುಂಬಿಸುವ ಕೆಲಸವಿಲ್ಲ, ಉಬ್ಬಿಸುವುದು ಹಬೆ.

ಮುಕ್ಕಾಲು ಭಾಗ ಮುಗಿದ ಮೇಲೆ ಕೈ ತಡೆಯಿರಿ. ಇನ್ನು ಮುಂದೆ ಒಂದೊಂದೇ ಚಮಚ. ಪ್ರತಿ ಚಮಚ ಸೇರಿದ ಮೇಲೂ ಸೌಟನ್ನು ಹಿಟ್ಟಿನಲ್ಲಿ ಅದ್ದಿ ನಿಧಾನವಾಗಿ ಮೇಲೆತ್ತಿ. ಮೊದಮೊದಲು ಹಿಟ್ಟು ದಪ್ಪ ಉಂಡೆಯಾಗಿ ಸೌಟಿಗೇ ಕಚ್ಚಿಕೊಂಡಿರುತ್ತದೆ, ಇಲ್ಲವೇ ದಪ್ ಎಂದು ಒಂದೇ ಗಡ್ಡೆಯಾಗಿ ಬೀಳುತ್ತದೆ, ಹರಿದ ಅಂಚು ಒರಟಾಗಿರುತ್ತದೆ. ಇನ್ನೂ ಬೇಕು ಅಂತ ಅರ್ಥ. ಎರಡು ಮೂರು ಚಮಚದ ನಂತರ ಅದೇ ಹಿಟ್ಟು ಸೌಟಿನಿಂದ ಮೂರು ಮೂಲೆಯ ಬಾವುಟದಂತೆ, ಕೆಳಗೆ ಚೂಪಾಗಿ ಇಳಿಬೀಳುತ್ತದೆ. ಆ ತ್ರಿಕೋನದ ಅಂಚು ನಯವಾಗಿ, ಹೊಳೆಯುತ್ತಾ ಇರುತ್ತದೆ. ಸ್ವಲ್ಪ ಹೊತ್ತು ಹಾಗೇ ತೂಗಿ, ಆಮೇಲೆ ನಿಧಾನಕ್ಕೆ ಜಾರುತ್ತದೆ. ಅದೇ ಹದ.

ಸಂಶಯವಿದ್ದರೆ ಇನ್ನೊಂದು ಪರೀಕ್ಷೆ ಇದೆ. ಹಿಟ್ಟಿನ ಮೇಲೆ ಬೆರಳಿನಿಂದ ಒಂದು ಇಂಚು ಆಳದ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಗಟ್ಟಿ. ಕೂಡಲೇ ಮುಚ್ಚಿಹೋದರೆ ತೆಳ್ಳಗೆ. ಎರಡೂ ಬದಿ ಮೆಲ್ಲಗೆ ಒಳಕ್ಕೆ ವಾಲುತ್ತಾ ಬಂದರೆ ಸರಿಯಾಗಿದೆ. ಹದ ಬಂದ ಮೇಲೆ ಮೊಟ್ಟೆ ಉಳಿದಿದ್ದರೆ ಉಳಿಯಲಿ. ಮೇಲೆ ಸವರಲು ಅದೇ ಬೇಕಾಗುತ್ತದೆ.

ತೆಳ್ಳಗಾಗಿಬಿಟ್ಟರೆ

ಮೈದಾ ಸೇರಿಸಿ ಗಟ್ಟಿ ಮಾಡಲು ಹೋಗಬೇಡಿ. ಹಸಿ ಮೈದಾದ ಪಿಷ್ಟ ಊದಿರುವುದಿಲ್ಲ, ಗಂಟು ಕಟ್ಟುತ್ತದೆ, ಪಫ್ ಒಳಗೆ ಭಾರವಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಬಿಗಿದು ಗಟ್ಟಿಯಾದಂತೆ ತೋರುತ್ತದೆ, ಓವನ್ನಿಗೆ ಹೋದ ಕೂಡಲೇ ಮತ್ತೆ ಹರಡಿಕೊಳ್ಳುತ್ತದೆ.

ಸರಿಯಾದ ದಾರಿ ಒಂದೇ. ಅಳತೆಯ ಕಾಲು ಭಾಗದಷ್ಟು ಪನಾಡ್ ಹೊಸದಾಗಿ ಬೇಯಿಸಿ, ಮೊಟ್ಟೆ ಹಾಕದೆ ಆರಿಸಿ. ಆ ಗಟ್ಟಿ ಮುದ್ದೆಗೆ ನಿಮ್ಮ ತೆಳ್ಳಗಿನ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಬನ್ನಿ. ತೆಳ್ಳಗಿನದಕ್ಕೆ ಮುದ್ದೆಯನ್ನು ಎಸೆದರೆ ಮತ್ತೆ ತುಂಡುಗಳು ತೇಲುತ್ತವೆ. ಮೊಟ್ಟೆಗೆ ಹೇಳಿದ ನಿಯಮವೇ ಇಲ್ಲೂ ನಡೆಯುತ್ತದೆ.

ಒತ್ತುವುದು, ಬೇಯಿಸುವುದು

ಓವನ್ನನ್ನು 200 ಡಿಗ್ರಿಗೆ ಮೊದಲೇ ಬಿಸಿ ಮಾಡಿ. ಮೇಲೆ ಕೆಳಗೆ ಎರಡೂ ಕಡೆಯ ಕಾವು ಇರಲಿ. ಫ್ಯಾನ್ ಇದ್ದರೆ ಸಾಧ್ಯವಾದಷ್ಟು ಆರಿಸಿಡಿ. ಬೀಸುಗಾಳಿಗೆ ಮೇಲ್ಮೈ ಬೇಗ ಒಣಗಿ, ಉಬ್ಬುವ ಮೊದಲೇ ಬಿಗಿದುಕೊಂಡು ಬಿರಿಯುತ್ತದೆ. ಆರಿಸಲು ಬಾರದಿದ್ದರೆ 20 ಡಿಗ್ರಿ ಕಡಿಮೆ ಇಡಿ.

ಹಿಟ್ಟನ್ನು ಪೈಪಿಂಗ್ ಬ್ಯಾಗಿಗೆ ತುಂಬಿ. ಎಕ್ಲೇರಿಗೆ 14ರಿಂದ 16 ಮಿಲಿಮೀಟರ್ ಬಾಯಿಯ ನಾಜಲ್ ಬೇಕು. ಸಾದಾ ನಾಜಲ್‌ಗಿಂತ, ಸಣ್ಣ ಸಣ್ಣ ಹಲ್ಲುಗಳಿರುವ ನಕ್ಷತ್ರ ನಾಜಲ್ ನನಗೆ ಮೆಚ್ಚು. ಅದು ಮೂಡಿಸುವ ಗೀರುಗಳ ಉದ್ದಕ್ಕೂ ಹಿಟ್ಟು ಸಮನಾಗಿ ಹಿಗ್ಗುತ್ತದೆ, ಒಂದೇ ಕಡೆ ಬಾಯಿ ಬಿಡುವುದು ಕಡಿಮೆ. ಬೇಕಿಂಗ್ ಪೇಪರಿನ ಮೇಲೆ ಬ್ಯಾಗನ್ನು ಓರೆಯಾಗಿ ಹಿಡಿದು 12 ಸೆಂಟಿಮೀಟರ್ ಉದ್ದ ಒಂದೇ ಒತ್ತಡದಲ್ಲಿ ಎಳೆಯಿರಿ. ಪಫ್ಫಿಗೆ ಬ್ಯಾಗನ್ನು ನೆಟ್ಟಗೆ ಹಿಡಿದು 4 ಸೆಂಟಿಮೀಟರ್ ಅಗಲದ ಗುಂಡು ಒತ್ತಿ. ತುದಿಯಲ್ಲಿ ಎದ್ದ ಕೊಕ್ಕನ್ನು ಒದ್ದೆ ಬೆರಳಿನಿಂದ ಅದುಮಿ, ಇಲ್ಲದಿದ್ದರೆ ಅದೇ ಮೊದಲು ಕರಕಲಾಗುತ್ತದೆ. ಉಳಿದ ಮೊಟ್ಟೆಯನ್ನು ತೆಳುವಾಗಿ ಸವರಿ. ಅದು ಬದಿಯಿಂದ ಇಳಿದು ಪೇಪರಿಗೆ ಅಂಟಿದರೆ ಆ ಕಡೆ ಏಳುವುದಕ್ಕೆ ತಡೆಯಾಗುತ್ತದೆ.

200 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 175ಕ್ಕೆ ಇಳಿಸಿ ಇನ್ನೂ 20ರಿಂದ 25 ನಿಮಿಷ. ಮೊದಲ 25 ನಿಮಿಷ ಬಾಗಿಲು ತೆರೆಯಲೇಬೇಡಿ. ಆ ಹೊತ್ತಿನಲ್ಲಿ ಪಫ್ಫನ್ನು ಎತ್ತಿ ಹಿಡಿದಿರುವುದು ಒಳಗಿನ ಹಬೆ ಮಾತ್ರ, ಗೋಡೆ ಇನ್ನೂ ಹಸಿ. ತಂಪು ಗಾಳಿ ಬಡಿದರೆ ಹಬೆ ಮತ್ತೆ ನೀರಾಗಿ ಪಫ್ ಕುಸಿಯುತ್ತದೆ.

ಬೆಂದಿದೆಯೇ ಎಂದು ನೋಡಲು ಮೇಲಿನ ಬಣ್ಣ ಸಾಲದು. ಬಿರಿದ ಗೆರೆಗಳ ಒಳಗೆ ನೋಡಿ. ಅಲ್ಲಿ ಇನ್ನೂ ಬಿಳಿಚಿದ್ದರೆ ಬಿಡಿ, ಬೇಯಲಿ. ಗೆರೆಯ ಒಳಗೂ ಹೊಂಬಣ್ಣ ಬಂದು, ಕೈಗೆತ್ತಿದರೆ ಹಗುರವಾಗಿದ್ದರೆ ಆಯಿತು. ಈಗ ಎಕ್ಲೇರಿನ ಅಡಿಗೆ ಎರಡು ಕಡೆ, ಪಫ್ಫಿನ ಅಡಿಗೆ ಒಂದು ಕಡೆ ಚೂರಿಯ ತುದಿಯಿಂದ ತೂತು ಮಾಡಿ. ಓವನ್ ಆರಿಸಿ, ಬಾಗಿಲನ್ನು ಸ್ವಲ್ಪ ತೆರೆದಿಟ್ಟು, 10 ನಿಮಿಷ ಒಳಗೇ ಒಣಗಲು ಬಿಡಿ. ಒಳಗಿನ ಹಬೆ ಹೊರಗೆ ಹೋಗದಿದ್ದರೆ ಅದೇ ಹಬೆ ಗೋಡೆಯನ್ನು ನೆನೆಸಿ ಮೆತ್ತಗೆ ಮಾಡುತ್ತದೆ.

ಬಂದದ್ದನ್ನು ಸೀಳಿ ನೋಡಿ

ಮೊದಲ ಒಂದನ್ನು ಅಡ್ಡಲಾಗಿ ಸೀಳಿ. ಒಳಗೆ ಒಂದೇ ದೊಡ್ಡ ಗುಹೆ, ಗೋಡೆ ತೆಳು, ಅಲ್ಲಲ್ಲಿ ಒಂದೆರಡು ತೇವದ ಎಳೆ ಇದ್ದರೆ ಎಲ್ಲ ಸರಿಯಾಗಿದೆ.

ಚಪ್ಪಟೆಯಾಗಿ ಹರಡಿ, ಅಡಿ ಅಗಲವಾಗಿ, ಒಳಗೆ ಪೊಳ್ಳು ಕಡಿಮೆ ಇದ್ದರೆ ಮೊಟ್ಟೆ ಜಾಸ್ತಿಯಾಗಿದೆ, ಅಥವಾ ಪನಾಡ್ ಸಾಕಷ್ಟು ಒಣಗಿರಲಿಲ್ಲ. ಚಿಕ್ಕದಾಗಿ, ಗುಂಡಗೆ, ದಪ್ಪ ಗೋಡೆಯಾಗಿ, ಮೇಲೆ ಆಳವಾಗಿ ಬಿರಿದಿದ್ದರೆ ಮೊಟ್ಟೆ ಕಡಿಮೆ: ಹಿಟ್ಟು ಬಿಗಿಯಾಗಿದ್ದರಿಂದ ಹಬೆ ಅದನ್ನು ಹಿಗ್ಗಿಸಲಾಗದೆ ಒಂದು ಕಡೆ ಒಡೆದು ಹೊರಬಂದಿದೆ. ಚೆನ್ನಾಗಿ ಉಬ್ಬಿ, ಹೊರಗೆ ತೆಗೆದ ಮೇಲೆ ಕುಸಿದರೆ ಮೊಟ್ಟೆಯ ತಪ್ಪಲ್ಲ, ಬೇಗ ತೆಗೆದಿರಿ ಅಷ್ಟೇ. ಕುಸಿಯತೊಡಗಿದ್ದು ಕಂಡ ತಕ್ಷಣ ಮತ್ತೆ ಓವನ್ನಿಗೆ ಇಟ್ಟರೆ ಉಳಿದವನ್ನಾದರೂ ಉಳಿಸಿಕೊಳ್ಳಬಹುದು.

ತುಂಬುವುದು

ಪೇಸ್ಟ್ರಿ ಕ್ರೀಮಿಗೆ ಹಾಲು 500 ಗ್ರಾಂ, ಹಳದಿಭಾಗ ನಾಲ್ಕು, ಸಕ್ಕರೆ 100 ಗ್ರಾಂ, ಕಾರ್ನ್‌ಫ್ಲೋರ್ 40 ಗ್ರಾಂ, ಕೊನೆಗೆ ಬೆಣ್ಣೆ 30 ಗ್ರಾಂ. ಹಳದಿ, ಸಕ್ಕರೆ, ಕಾರ್ನ್‌ಫ್ಲೋರ್ ಕಲಸಿಟ್ಟು, ಬಿಸಿ ಹಾಲನ್ನು ಅದಕ್ಕೆ ಸಣ್ಣ ಧಾರೆಯಾಗಿ ಬಿಡುತ್ತಾ ತಿರುವಿ. ಆಮೇಲೆ ಎಲ್ಲವನ್ನೂ ಪಾತ್ರೆಗೆ ಹಾಕಿ, ಗೊಟಾಯಿಸುತ್ತಾ ಬೇಯಿಸಿ. ದಪ್ಪಗಾದ ಕೂಡಲೇ ಇಳಿಸಬೇಡಿ. ಗುಳು ಗುಳು ಕುದಿ ಬಂದ ಮೇಲೆ ಇನ್ನೂ ಒಂದು ನಿಮಿಷ ಇರಲಿ. ಹಳದಿಭಾಗದಲ್ಲಿ ಪಿಷ್ಟವನ್ನು ಕರಗಿಸುವ ಒಂದು ಕಿಣ್ವ ಇದೆ. ಅದು ಸಾಯದಿದ್ದರೆ ಗಟ್ಟಿಯಾಗಿದ್ದ ಕ್ರೀಮ್ ಮರುದಿನ ನೀರಾಗಿರುತ್ತದೆ. ಬೆಣ್ಣೆ ಸೇರಿಸಿ, ಕೆನೆ ಕಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ಕ್ರೀಮಿನ ಮೈಗೇ ತಾಗಿಸಿ ಮುಚ್ಚಿ, ಫ್ರಿಜ್ಜಿನಲ್ಲಿ ತಣಿಸಿ.

ಪಫ್ ಪೂರ್ತಿ ಆರಿದ ಮೇಲೆಯೇ ತುಂಬಿ. ಅಡಿಯ ತೂತಿಗೆ ಸಣ್ಣ ನಾಜಲ್ ತೂರಿಸಿ, ಕೈಗೆ ಭಾರ ಗೊತ್ತಾಗುವ ತನಕ ಒತ್ತಿ. 100 ಗ್ರಾಂ ಚಾಕೊಲೇಟಿಗೆ 100 ಗ್ರಾಂ ಬಿಸಿ ಫ್ರೆಶ್ ಕ್ರೀಮ್ ಸುರಿದು ಕಲಸಿ, ಸ್ವಲ್ಪ ಆರಿದಾಗ ಎಕ್ಲೇರಿನ ತಲೆಯನ್ನು ಅದರಲ್ಲಿ ಅದ್ದಿ ಎತ್ತಿ, ಅಂಚನ್ನು ಬೆರಳಿನಿಂದ ಒರೆಸಿ.

ತುಂಬಿದ್ದು ಕೆಲವೇ ಗಂಟೆ ಗರಿಗರಿಯಾಗಿರುತ್ತದೆ. ಅದಕ್ಕೆ ತಿನ್ನುವ ದಿನವೇ ತುಂಬಿ, ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಡಿ. ಖಾಲಿ ಪಫ್ಫುಗಳನ್ನು ಮಾತ್ರ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿಟ್ಟು ಒಂದು ತಿಂಗಳ ತನಕ ಬಳಸಬಹುದು. ಬೇಕಾದಾಗ ತೆಗೆದು 150 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬಿಸಿ ಮಾಡಿ, ಆರಿಸಿ ತುಂಬಿ.